ಹಳೆಯ ಸ್ಯಾಲರಿ ಸ್ಲಿಪ್ ಕೊಡದಿದ್ದರೆ ಹೊಸ ಕೆಲಸ ಸಿಗುವುದೇ ಇಲ್ಲವೇ?

ಕೆಲಸ ಹುಡುಕುವವರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಮಾತು ಓಡಾಡುತ್ತಿರುತ್ತವೆ. ಒಂದು, "ಹಿಂದಿನ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೊಡಲೇಬೇಕು, ಅದು ಕಾನೂನು." ಇನ್ನೊಂದು, "ಹಳೆಯ ಸಂಬಳ ಕೇಳುವುದೇ ಅಪರಾಧ, ಕಂಪನಿ ಮೇಲೆ ಕೇಸ್ ಹಾಕಬಹುದು." ನಮ್ಮ ದೇಶದ ಮಟ್ಟಿಗೆ ಎರಡೂ ಸುಳ್ಳು.

ಖಾಸಗಿ ಕಂಪನಿಗೆ ಅರ್ಜಿ ಹಾಕುವವರು ಹಳೆಯ ಸ್ಯಾಲರಿ ಸ್ಲಿಪ್ ತೋರಿಸಲೇಬೇಕು ಎನ್ನುವ ಕಾನೂನು ಭಾರತದಲ್ಲಿಲ್ಲ. ಕಂಪನಿ ಅದನ್ನು ಕೇಳಬಾರದು ಎನ್ನುವ ಕಾನೂನೂ ಇಲ್ಲ. ಎರಡನೆಯ ಮಾತು ಹುಟ್ಟಿರುವುದು ಹೊರದೇಶದ ಸುದ್ದಿಯಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವಂತಿಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಇಂಥದ್ದೇ ನಿಯಮ ಮಾಡಿತು. ನಮ್ಮಲ್ಲಿ ಮಾತ್ರ ಅವರು ಕೇಳಬಹುದು, ನೀವು ಬೇಡ ಎನ್ನಬಹುದು. ಹೇಗೆ ಬೇಡ ಎನ್ನುತ್ತೀರಿ ಎನ್ನುವುದೇ ಮುಖ್ಯ.

ಕವಲೇದುರ್ಗಕ್ಕೆ ಬಂದ ಫೋನ್

ನನ್ನ ಚಿಕ್ಕಮ್ಮನ ಮಗಳ ಮನೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಹತ್ತಿರ. ಬಿ.ಕಾಂ. ಮುಗಿಸಿ ಶಿವಮೊಗ್ಗದ ಒಂದು ಕಚೇರಿಯಲ್ಲಿ ಮೂರು ವರ್ಷ ಲೆಕ್ಕಪತ್ರ, ಜಿಎಸ್‌ಟಿ ಕೆಲಸ ಮಾಡಿದ್ದಳು. ವರ್ಷಕ್ಕೆ ಸಿಗುತ್ತಿದ್ದದ್ದು 2.4 ಲಕ್ಷ. ಬೆಂಗಳೂರಿನ ಕಂಪನಿಯೊಂದರ ಎರಡು ಸುತ್ತಿನ ಸಂದರ್ಶನ ಮುಗಿದಿತ್ತು. ಹಬ್ಬಕ್ಕೆ ಊರಿಗೆ ಬಂದಿದ್ದಾಗ ಎಚ್‌ಆರ್ ಫೋನ್ ಮಾಡಿ, "ಮೇಡಂ, ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಕಳಿಸಿ, ಇವತ್ತೇ ಆಫರ್ ಮಾಡ್ತೀವಿ" ಎಂದರು.

ಅವಳು ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಕೊಡ್ಲಿಲ್ಲ ಅಂದ್ರೆ ಕೆಲ್ಸ ಹೋಗ್ತದ ಮಾರಾಯ್ತಿ?"

ಕೊಟ್ಟರೆ ಏನಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿದೆವು. ಹಳೆಯ ಸಂಬಳದ ಮೇಲೆ ಶೇಕಡಾ 30 ಸೇರಿಸಿ ಆಫರ್ ಮಾಡುವುದು ಅನೇಕ ಕಡೆ ರೂಢಿ. ಹಾಗಾದರೆ 2.4 ಲಕ್ಷ 3.12 ಲಕ್ಷ ಆಗುತ್ತದೆ. ಅದೇ ಕೆಲಸಕ್ಕೆ ಬೆಂಗಳೂರಿನಲ್ಲಿ ಅವಳ ಇಬ್ಬರು ಗೆಳತಿಯರು 4 ಲಕ್ಷದ ಮೇಲೆ ತೆಗೆದುಕೊಳ್ಳುತ್ತಿದ್ದರು. ಶಿವಮೊಗ್ಗದ ಸಂಬಳ ಶಿವಮೊಗ್ಗದ ಬಾಡಿಗೆಗೆ ತಕ್ಕಂತೆ ಇದ್ದದ್ದು. ಅದೇ ಬೆಂಗಳೂರಿನ ಸಂಬಳಕ್ಕೂ ಬುನಾದಿಯಾದರೆ, ಮುಂದಿನ ಪ್ರತಿ ವರ್ಷದ ಹೆಚ್ಚಳವೂ ಅದರ ಮೇಲೆಯೇ ನಿಲ್ಲುತ್ತದೆ.

ಮೊದಲು ಕೇಳಿದ ಸಂಖ್ಯೆಯ ಹಿಡಿತ

ಇದರ ಹಿಂದೆ ಮನಸ್ಸಿನ ಒಂದು ಅಭ್ಯಾಸವೂ ಇದೆ. ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಜನರೆದುರು ಒಂದು ಚಕ್ರ ತಿರುಗಿಸುತ್ತಿದ್ದರು. ಅದು 10ಕ್ಕೆ ಅಥವಾ 65ಕ್ಕೆ ಮಾತ್ರ ನಿಲ್ಲುವಂತೆ ಮೊದಲೇ ಮಾಡಿಟ್ಟಿದ್ದರು. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಕೇಳಿದರು. 10 ನೋಡಿದವರ ಅಂದಾಜು ಸುಮಾರು 25, 65 ನೋಡಿದವರದ್ದು ಸುಮಾರು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ. ಆದರೂ ಮೊದಲು ಕಂಡ ಸಂಖ್ಯೆ ಉತ್ತರವನ್ನು ತನ್ನ ಕಡೆ ಎಳೆಯಿತು.

ಸಂಬಳದ ಮಾತಿನಲ್ಲೂ ಮೊದಲು ಮೇಜಿನ ಮೇಲೆ ಬರುವ ಸಂಖ್ಯೆ ಹೀಗೆಯೇ ಎಳೆಯುತ್ತದೆ. ಹಾಗಾಗಿ ಬರೀ "ಸ್ಲಿಪ್ ಕೊಡಲ್ಲ" ಎಂದರೆ ಸಾಲದು. ಹಳೆಯ ಸಂಖ್ಯೆಯ ಜಾಗಕ್ಕೆ ನಿಮ್ಮ ನಿರೀಕ್ಷೆಯ ಸಂಖ್ಯೆ ಇಡಬೇಕು. ಎಚ್‌ಆರ್‌ಗೂ ಆಫರ್ ಮಾಡಲು ಏನಾದರೊಂದು ಆಧಾರ ಬೇಕಲ್ಲ!

ಶ್ರೇಣಿ ಕಟ್ಟುವುದು ಕೆಳಗಿನಿಂದ

"ಇಷ್ಟರಿಂದ ಇಷ್ಟು" ಎಂದಾಗ ಕೇಳುವವರ ಕಿವಿಗೆ ಬೀಳುವುದು ಮೊದಲ ಸಂಖ್ಯೆ. ಆದ್ದರಿಂದ ಕೆಳಗಿನ ಅಂಕಿ, ಸಿಕ್ಕರೆ ಬೇಸರವಿಲ್ಲದೆ ಒಪ್ಪುವಂಥದ್ದಾಗಿರಬೇಕು. ನಮ್ಮ ಹುಡುಗಿಗೆ ಪಿಜಿ, ಊಟ, ಬಸ್ಸು, ಮನೆಗೆ ಕಳಿಸುವ ದುಡ್ಡು ಎಲ್ಲ ಸೇರಿ ತಿಂಗಳಿಗೆ ಕೈಗೆ 30 ಸಾವಿರ ಬೇಕಿತ್ತು.

ಕಂಪನಿಗಳು ಹೇಳುವುದು ವರ್ಷದ ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. 4.2 ಲಕ್ಷ ಸಿಟಿಸಿ ಎಂದರೆ ತಿಂಗಳಿಗೆ 35,000. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿಗೆ ತೆಗೆದಿಡುವ ಸುಮಾರು 840 ಕೈಗೆ ಬರುವುದಿಲ್ಲ. ಉಳಿದದ್ದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಸುಮಾರು 30,360 ಉಳಿಯುತ್ತದೆ. ಕಂಪನಿಯಿಂದ ಕಂಪನಿಗೆ ಇದು ಸ್ವಲ್ಪ ಬದಲಾಗುತ್ತದೆ. ಅವಳ ಕೆಳಗಿನ ಅಂಕಿ 4.2 ಲಕ್ಷ ಎಂದಾಯಿತು. ಜಾಹೀರಾತುಗಳನ್ನು ನೋಡಿ, ಗೆಳತಿಯರನ್ನು ಕೇಳಿ ಮೇಲಿನದ್ದು 4.8 ಎಂದಿಟ್ಟಳು.

ಏನು ಬರೆದಳು?

ಫೋನಿನಲ್ಲಿ, "ಮೇಡಂ, ಇಲ್ಲಿ ನೆಟ್‌ವರ್ಕ್ ಸರಿ ಸಿಗಲ್ಲ, ಸಂಜೆಯೊಳಗೆ ಮೇಲ್ ಮಾಡ್ತೀನಿ" ಎಂದಳು. ಅದು ನಿಜವೂ ಆಗಿತ್ತು. ಮೇಲ್ ಹೀಗಿತ್ತು:

"ನಮಸ್ಕಾರ ಮೇಡಂ. ಈ ಕೆಲಸದಲ್ಲಿ ನನಗೆ ತುಂಬಾ ಆಸಕ್ತಿ ಇದೆ. ಹಿಂದಿನ ಸಂಬಳದ ವಿವರವನ್ನು ನಾನು ಹಂಚಿಕೊಳ್ಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಕೆಲಸದ ಜವಾಬ್ದಾರಿ ಮತ್ತು ಬೆಂಗಳೂರಿನ ಸಂಬಳ ನೋಡಿ ನನ್ನ ನಿರೀಕ್ಷೆ ವರ್ಷಕ್ಕೆ 4.2ರಿಂದ 4.8 ಲಕ್ಷ. ನಾನು ಕೆಲಸ ಮಾಡಿದ್ದಕ್ಕೆ ದಾಖಲೆಯಾಗಿ ನೇಮಕಾತಿ ಪತ್ರದ ಮೊದಲ ಪುಟ ಈಗಲೇ ಕಳಿಸುತ್ತಿದ್ದೇನೆ. ರಿಲೀವಿಂಗ್ ಲೆಟರ್ ಸೇರುವ ದಿನ ಕೊಡುತ್ತೇನೆ. ಈ ಕೆಲಸಕ್ಕೆ ನೀವು ಇಟ್ಟುಕೊಂಡಿರುವ ಬಜೆಟ್ ತಿಳಿಸಿದರೆ ಮುಂದಿನ ಮಾತು ಸುಲಭ."

ಇದರಲ್ಲಿ ಕ್ಷಮೆ ಕೇಳಿಲ್ಲ, ಜಗಳವಿಲ್ಲ, ಸುಳ್ಳೂ ಇಲ್ಲ. ಸ್ಲಿಪ್ ಕೇಳುವುದರ ಒಂದು ನ್ಯಾಯವಾದ ಕಾರಣ, ನೀವು ನಿಜವಾಗಿ ಅಲ್ಲಿ ದುಡಿದಿರಾ ಎಂದು ತಿಳಿಯುವುದು. ಅದಕ್ಕೆ ಬೇರೆ ದಾಖಲೆ ಕೊಟ್ಟಾಯಿತು. ಅಂಥ ದಾಖಲೆಯಲ್ಲಿ ಸಂಬಳದ ಅಂಕಿ ಇಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಿ. ಸ್ಲಿಪ್ ಬದಲು ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಫಾರ್ಮ್ 16 ಕಳಿಸಿದರೆ ಅದೇ ಅಂಕಿ ಬೇರೆ ಬಾಗಿಲಿನಿಂದ ಹೋದಂತೆ.

ಎಲ್ಲಿ ಎಡವುತ್ತಾರೆ?

ದೊಡ್ಡ ತಪ್ಪು ಎಂದರೆ ಹೆಚ್ಚಿಸಿ ಹೇಳುವುದು. ಹೇಳದೇ ಇರುವುದು ನಿಮ್ಮ ಹಕ್ಕು. 2.4 ಇದ್ದದ್ದನ್ನು 3.5 ಎನ್ನುವುದು ಸುಳ್ಳು. ಸ್ಲಿಪ್ ತಿದ್ದಿದರೆ ಅದು ಫೋರ್ಜರಿ, ಅಪರಾಧ. ಸುಳ್ಳು ಮಾಹಿತಿ ಕೊಟ್ಟಿದ್ದು ಗೊತ್ತಾದರೆ ಕೆಲಸದಿಂದ ತೆಗೆಯಬಹುದು ಎಂಬ ಸಾಲು ಆಫರ್ ಲೆಟರ್‌ಗಳಲ್ಲಿ ಸಾಮಾನ್ಯ. ಆನ್‌ಲೈನ್ ಅರ್ಜಿಯಲ್ಲಿ ಹಳೆಯ ಸಂಬಳದ ಜಾಗ ತುಂಬದೆ ಮುಂದೆ ಹೋಗದಿದ್ದರೆ 0 ಹಾಕಿ, ಷರಾ ಬರೆಯುವ ಕಡೆ "ಮಾತುಕತೆಯಲ್ಲಿ ನಿರೀಕ್ಷೆ ತಿಳಿಸುತ್ತೇನೆ" ಎಂದು ಬರೆಯಿರಿ.

ಎರಡನೆಯದು ತೆರಿಗೆಯ ಗೊಂದಲ. ವರ್ಷದ ನಡುವೆ ಸೇರಿದವರಿಂದ ಹಳೆಯ ಸಂಬಳ, ಕಡಿತವಾದ ತೆರಿಗೆಯ ವಿವರವನ್ನು ಹೊಸ ಕಂಪನಿ ಕೇಳುತ್ತದೆ. ಅದು ಸೇರಿದ ಮೇಲಿನ ಮಾತು, ಸಂಬಳ ಆಗಲೇ ನಿಗದಿಯಾಗಿರುತ್ತದೆ. ಆಫರ್‌ಗೆ ಮೊದಲೇ "ತೆರಿಗೆಗಾಗಿ ಬೇಕು" ಎಂದರೆ, "ಸೇರಿದ ಮೇಲೆ ಖಂಡಿತ ಕೊಡುತ್ತೇನೆ" ಎನ್ನಬಹುದು.

ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ಸರ್ಕಾರಿ ಉದ್ಯಮಗಳಲ್ಲಿ ಅನುಭವಿಗಳ ಹುದ್ದೆಗೆ ಹಿಂದಿನ ವೇತನದ ದಾಖಲೆಯನ್ನು ಅಧಿಸೂಚನೆಯಲ್ಲೇ ಕೇಳಿದ್ದರೆ ಕೊಡಲೇಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಕೆಲವು ಖಾಸಗಿ ಕಂಪನಿಗಳೂ ಪಟ್ಟು ಬಿಡುವುದಿಲ್ಲ. ನಿಮ್ಮ ಹಳೆಯ ಸಂಬಳ ಮಾರುಕಟ್ಟೆಗಿಂತ ಹೆಚ್ಚಿದ್ದರಂತೂ ಸ್ಲಿಪ್ ತೋರಿಸುವುದೇ ಲಾಭ.

ನಮ್ಮ ಹುಡುಗಿಗೆ ಆ ಕಂಪನಿ, "ಸ್ಲಿಪ್ ಇಲ್ಲದೆ ಆಗಲ್ಲ" ಎಂದಿತು. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಅವಳೂ ಅತ್ತಳು. ಮೂರು ವಾರದ ಮೇಲೆ ಇನ್ನೊಂದು ಕಂಪನಿಗೆ ಅದೇ ಮೇಲ್ ಕಳಿಸಿದಳು. ಅವರು ಒಮ್ಮೆ ಮತ್ತೆ ಕೇಳಿದರು, ಇವಳು ಅದೇ ಉತ್ತರ ಕೊಟ್ಟಳು. 4.3 ಲಕ್ಷಕ್ಕೆ ಆಫರ್ ಬಂತು. 3.12ಕ್ಕೂ ಇದಕ್ಕೂ ವ್ಯತ್ಯಾಸ ವರ್ಷಕ್ಕೆ 1.18 ಲಕ್ಷ.

ಹಾಗಾದರೆ ನಿಜ ಏನು? ಸ್ಯಾಲರಿ ಸ್ಲಿಪ್ ಕೊಡದಿರುವುದು ಕಾನೂನು ಮುರಿದಂತಲ್ಲ, ಕೇಳುವುದು ಅಪರಾಧವೂ ಅಲ್ಲ. ಕೊಡದಿದ್ದರೆ ಕೆಲವು ಕೆಲಸ ಕೈತಪ್ಪಬಹುದು. ಆದ್ದರಿಂದ ಮೇಲ್ ಕಳಿಸುವ ಮೊದಲು, ಈ ಕೆಲಸ ಹೋದರೆ ಇನ್ನೆಷ್ಟು ತಿಂಗಳು ತಡೆದುಕೊಳ್ಳಬಲ್ಲೆ ಎಂದು ಲೆಕ್ಕ ಹಾಕಿಕೊಳ್ಳಿ. ಆ ಎರಡು ಫಾರ್ವರ್ಡ್‌ಗಳಲ್ಲಿ ಯಾವುದು ಬಂದರೂ ಮುಂದಕ್ಕೆ ಕಳಿಸಬೇಡಿ.