ಹೊಸಬರ ಸ್ವಾಗತಕ್ಕೆ ನಾಲ್ಕು ಸಾಲು: ತಪ್ಪು ಕಲ್ಪನೆ ಮತ್ತು ಸತ್ಯ

ಸಂಸ್ಥೆಗೆ ಹೊಸದಾಗಿ ಸೇರಿದವರ ಚಿತ್ರದ ಕೆಳಗೆ ಹಾಕುವ ಸ್ವಾಗತದ ಒಕ್ಕಣೆಯಲ್ಲಿ ಅವರ ಕೆಲಸ ಏನು, ಎಲ್ಲಿಂದ ಬಂದರು ಎಂಬುದು ಆತ್ಮೀಯವಾದ ಮಾತಿನಲ್ಲಿ ತಿಳಿಯಬೇಕು. ಕೊಡಗಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಗುಣಮಟ್ಟ ಪರೀಕ್ಷಕಿಯೊಬ್ಬರು ಬಂದಿದ್ದಾರೆ ಎಂದಿಟ್ಟುಕೊಂಡರೆ, ಆ ಸಾಲುಗಳನ್ನು ಓದುವವರಲ್ಲಿ ಬೆಳೆಗಾರರೇ ಹೆಚ್ಚು. ತಮ್ಮ ಬೆಳೆಯನ್ನು ಇನ್ನು ಯಾರು ಅಳೆದು ನೋಡುತ್ತಾರೆ ಎಂಬುದೇ ಅವರಿಗೆ ಮುಖ್ಯ.

ತಪ್ಪು ಕಲ್ಪನೆ: ಹುದ್ದೆಯ ಹೆಸರು ಹಾಕಿದರೆ ಸಾಕು. ‘ಸೀನಿಯರ್ ಕ್ವಾಲಿಟಿ ಎಕ್ಸಿಕ್ಯುಟಿವ್’ ಎಂಬುದು ಕಚೇರಿಯ ಒಳಗಿನವರಿಗೆ ಅರ್ಥವಾಗುವ ಹೆಸರು. ಬೆಳೆಗಾರರಿಗೆ ತಿಳಿಯುವುದು ಓಟಿ, ಅಂದರೆ ಔಟ್‌ಟರ್ನ್: 50 ಕಿಲೋ ಚೆರ್ರಿ ಚೀಲಕ್ಕೆ ಎಷ್ಟು ಕಿಲೋ ಬೀಜ ಇಳಿಯುತ್ತದೆ ಎಂಬ ಲೆಕ್ಕ. ಚೀಲದಿಂದ ತೆಗೆದ ಮಾದರಿಯ ಸಿಪ್ಪೆ ಬಿಡಿಸಿ, ಬೀಜ ತೂಗಿ, ತೇವಾಂಶ ನೋಡಿ ಓಟಿ ಹೇಳುತ್ತಾರೆ. ಅದರ ಮೇಲೆಯೇ ಚೀಲದ ಬೆಲೆ ನಿಲ್ಲುತ್ತದೆ. ಹೀಗಾಗಿ “ನೀವು ತರುವ ಚೆರ್ರಿಯ ಓಟಿ ಮತ್ತು ತೇವಾಂಶ ನೋಡುವವರು ಇವರು” ಎಂಬ ಒಂದೇ ವಾಕ್ಯ ಉದ್ದನೆಯ ಹುದ್ದೆಯ ಹೆಸರಿಗಿಂತ ಹೆಚ್ಚು ಹೇಳುತ್ತದೆ. ಮೊಬೈಲಿನ ಪರದೆಯಲ್ಲಿ ಮೊದಲು ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ, ಆದ್ದರಿಂದ ಈ ವಾಕ್ಯ ಅಲ್ಲೇ ಬರಬೇಕು. “ಹರ್ಷದಿಂದ ತಿಳಿಸುತ್ತೇವೆ” ಎಂದು ಶುರುಮಾಡಿದರೆ ಆ ಜಾಗ ವ್ಯರ್ಥ.

ತಪ್ಪು ಕಲ್ಪನೆ: ಹೆಸರಿನ ಮೊದಲ ಪದವೇ ವ್ಯಕ್ತಿಯ ಹೆಸರು. ಕೊಡಗಿನಲ್ಲಿ ಇದು ದೊಡ್ಡ ಎಡವಟ್ಟು. ಕೊಡವರ ಪೂರ್ಣ ಹೆಸರಿನಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಒಕ್ಕದ ಹೆಸರು, ಕೊನೆಗೆ ಬರುವುದು ವ್ಯಕ್ತಿಯದು. ಫೀಲ್ಡ್ ಮಾರ್ಷಲ್ ಕೋದಂಡೇರ ಮಾದಪ್ಪ ಕಾರ್ಯಪ್ಪ, ಜನರಲ್ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯ ಇಬ್ಬರದ್ದೂ ಒಂದೇ ಒಕ್ಕ. ಜನ ಕರೆಯುವುದು ಕಾರ್ಯಪ್ಪ, ತಿಮ್ಮಯ್ಯ ಎಂದು. ಹೊರಗಿನ ಪ್ರಚಾರ ಸಂಸ್ಥೆ ಸಿದ್ಧಪಡಿಸಿದ ಒಕ್ಕಣೆಯಲ್ಲಿ ಒಕ್ಕದ ಹೆಸರನ್ನೇ ಹಿಡಿದು ಸ್ವಾಗತ ಕೋರಿದರೆ ಅದು ಇಡೀ ಮನೆತನಕ್ಕೆ ಹೇಳಿದಂತಾಗುತ್ತದೆ. ಮದುವೆಯಾದ ಹೆಣ್ಣುಮಕ್ಕಳು ತವರಿನ ಒಕ್ಕದ ಹೆಸರು ಬಳಸುತ್ತಾರೋ ಗಂಡನ ಮನೆಯದೋ ಎಂಬುದನ್ನು ಊಹಿಸಬಾರದು, ಕೇಳಿಯೇ ಬರೆಯಬೇಕು. ಕಾಗುಣಿತವೂ ಅವರು ಬರೆದುಕೊಟ್ಟಂತೆಯೇ ಇರಬೇಕು.

ತಪ್ಪು ಕಲ್ಪನೆ: ಹಿನ್ನೆಲೆ ಎಂದರೆ ಪೂರ್ತಿ ಜಾತಕ. ಹುಟ್ಟಿದ ದಿನ, ಊರು, ಗಂಡನ ಕೆಲಸ, ಓದಿದ ಎಲ್ಲ ಶಾಲೆಗಳು ಬೇಕಿಲ್ಲ. ಇವತ್ತಿನ ಕೆಲಸಕ್ಕೆ ಅವರು ಹೇಗೆ ತಯಾರಾದರು ಎಂಬ ಭಾಗವಷ್ಟೇ ಸಾಕು. ಕಾಫಿ ಮಂಡಳಿಯ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಮಾಡಿದ್ದರೆ ಅದು ಬರಲಿ. ಮನೆಯ ತೋಟದಲ್ಲಿ ಕಾಫಿ ಕುಯ್ಲು, ಒಣಗಿಸುವ ಕೆಲಸ ನೋಡಿಕೊಂಡಿದ್ದರೆ ಅದೂ ಬರಲಿ, ಏಕೆಂದರೆ ಕಣದಲ್ಲಿ ಕಾಫಿ ಒಣಗಿಸಿದವರ ಮಾತಿಗೆ ಬೆಳೆಗಾರರು ಬೆಲೆ ಕೊಡುತ್ತಾರೆ. ಆದರೆ ಕೆಲಸಕ್ಕೆ ಸೇರುವಾಗ ಕೊಟ್ಟ ಅರ್ಜಿಯಿಂದ ವಿವರ ಎತ್ತಿ ಹಾಕುವುದು ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಮಹತ್ವ ಕೊಡುತ್ತದೆ. ನೌಕರಿಗೆಂದು ಕೊಟ್ಟ ಮಾಹಿತಿ ಮತ್ತು ಚಿತ್ರವನ್ನು ಪ್ರಚಾರಕ್ಕೆ ಬಳಸಲು ಪ್ರತ್ಯೇಕವಾಗಿ ಕೇಳುವುದೇ ಕ್ಷೇಮ.

ತಪ್ಪು ಕಲ್ಪನೆ: ಹೊಗಳಿಕೆಯೇ ಆತ್ಮೀಯತೆ. ‘ಅಪಾರ ಪ್ರತಿಭೆ’, ‘ನಮ್ಮ ಕುಟುಂಬದ ಹೊಸ ಸದಸ್ಯೆ’ ಎಂಬ ಮಾತು ಯಾರಿಗಾದರೂ ಒಪ್ಪುತ್ತದೆ, ಹಾಗಾಗಿ ಯಾರಿಗೂ ತಟ್ಟುವುದಿಲ್ಲ. ‘ಮೊದಲ ಮಹಿಳಾ ಟೇಸ್ಟರ್’ ಎಂಬ ಬಿರುದು ಇನ್ನೂ ಅಪಾಯ: ಕಾಫಿ ಮಂಡಳಿಯಲ್ಲಿ ಸುನಾಲಿನಿ ಮೆನನ್ ದಶಕಗಳ ಹಿಂದೆಯೇ ಕಾಫಿ ರುಚಿ ನೋಡುವ ಕೆಲಸದಲ್ಲಿ ಹೆಸರು ಮಾಡಿದವರು. ಸಂಸ್ಥೆಗೆ ಮೊದಲಿಗರಾದರೆ ‘ನಮ್ಮಲ್ಲಿ ಮೊದಲಿಗರು’ ಎಂದರೆ ಮುಗಿಯಿತು. ಆತ್ಮೀಯತೆ ಬರುವುದು ಹೊಸಬರನ್ನು ಓದುಗರಿಗೆ ಭೇಟಿ ಮಾಡಿಸುವ ಮಾತಿನಿಂದ. ಹೆಸರಿನ ಜಾಗ ಬಿಟ್ಟು ಒಕ್ಕಣೆ ಹೀಗಿರಬಹುದು:

“… ಅವರು ನಮ್ಮ ಹೊಸ ಗುಣಮಟ್ಟ ಪರೀಕ್ಷಕಿ. ನೀವು ತರುವ ಚೆರ್ರಿಯ ಓಟಿ, ತೇವಾಂಶ ನೋಡುವವರು ಇನ್ನು ಇವರೇ. ಕಾಫಿ ಮಂಡಳಿಯಲ್ಲಿ ಗುಣಮಟ್ಟ ನಿರ್ವಹಣೆ ಕಲಿತು, ಮನೆಯ ತೋಟದಲ್ಲಿ ರೊಬಸ್ಟಾ ಒಣಗಿಸಿ ಬಂದವರು. ಮಾದರಿ ತಂದಾಗ ನಿಮ್ಮ ಎದುರೇ ತೂಗಿ ತೋರಿಸುತ್ತಾರೆ; ಸಂದೇಹವಿದ್ದರೆ ಅಲ್ಲೇ ಕೇಳಿ. ಬನ್ನಿ, ಪರಿಚಯ ಮಾಡಿಕೊಳ್ಳಿ.”

ಇದರಲ್ಲಿ ‘ಎದುರೇ ತೂಗಿ ತೋರಿಸುತ್ತಾರೆ’ ಎಂಬ ಮಾತು ನಿಜವಾಗಿದ್ದರೆ ಮಾತ್ರ ಇರಬೇಕು. ಪ್ರಕಟಿಸುವ ಮುನ್ನ ಕರಡನ್ನು ಅವರಿಗೇ ಓದಲು ಕೊಟ್ಟು, ಹೆಸರು, ಓದು, ಕೆಲಸ ಮತ್ತು ಚಿತ್ರಕ್ಕೆ ಅವರ ಒಪ್ಪಿಗೆ ಪಡೆದರೆ, ಆಮೇಲೆ ತಿದ್ದುವ ಪ್ರಮೇಯ ಹೆಚ್ಚಾಗಿ ಬರುವುದಿಲ್ಲ.