ಹದಿಮೂರು ಕಿಲೋಮೀಟರಿನ ಹಿಂದಿನ ಕಂದು ಗೆರೆಗಳು

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ ಸುಮಾರು 13 ಕಿ.ಮೀ. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕೈದು ಕಿ.ಮೀ. ನಡೆಯುವವರಿಗೆ ‘ಇದೇನು ಮಹಾ’ ಅನಿಸುತ್ತದೆ. ಭಟ್ಟರ ಮನೆ ತಲುಪುವಷ್ಟರಲ್ಲಿ ಮೊಣಕಾಲುಗಳು ಬೇರೆಯೇ ಲೆಕ್ಕ ಒಪ್ಪಿಸತೊಡಗುತ್ತವೆ. ಆ ಲೆಕ್ಕ ನಕ್ಷೆಯಲ್ಲಿ ಮೊದಲೇ ಇರುತ್ತದೆ, ಕಂದು ಬಣ್ಣದ ತೆಳು ಗೆರೆಗಳಲ್ಲಿ.

ಶಾಲೆಯ ಭೂಗೋಳದ ಪುಸ್ತಕದಲ್ಲಿ ಇವುಗಳ ಹೆಸರು ಸಮೋನ್ನತಿ ರೇಖೆ. ಚಾರಣಿಗರ ಬಾಯಲ್ಲಿ ಕಾಂಟೂರ್. ಏನಿವು ಎಂದು ತಿಳಿಯಲು ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರಿಗೆ ಹೋದರೆ ಸಾಕು. ನೀರು ಇಳಿದಂತೆಲ್ಲ ನಡುಗಡ್ಡೆಗಳ ಮೈಮೇಲೆ ಒಂದರ ಕೆಳಗೊಂದು ಗೆರೆ ಬಿಟ್ಟಿರುತ್ತದೆ. ಒಂದೇ ಗೆರೆಯನ್ನು ಹಿಡಿದು ನಡುಗಡ್ಡೆಯನ್ನು ಸುತ್ತಿದರೆ ನೀವು ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ದಡ ಕಡಿದಾಗಿರುವಲ್ಲಿ ಗೆರೆಗಳು ಒತ್ತೊತ್ತಾಗಿರುತ್ತವೆ, ದಡ ಚಾಚಿಕೊಂಡಿರುವಲ್ಲಿ ದೂರ ದೂರ. ಇದನ್ನೇ ಮೇಲಿನಿಂದ, ಹಕ್ಕಿಯ ಹಾಗೆ, ನೋಡಿ ಕಾಗದಕ್ಕಿಳಿಸಿದರೆ ಕಾಂಟೂರ್ ನಕ್ಷೆ ಸಿದ್ಧ.

ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋಶೀಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:50,000 ಸ್ಕೇಲಿನದು. ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 50,000 ಸೆಂಟಿಮೀಟರ್, ಅಂದರೆ 500 ಮೀಟರ್. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಎಂದು ನೆನಪಿಟ್ಟುಕೊಳ್ಳುವುದು ಸುಲಭ. ಇದರಲ್ಲಿ ಒಂದು ಕಾಂಟೂರಿನಿಂದ ಮುಂದಿನದಕ್ಕೆ ಸಾಮಾನ್ಯವಾಗಿ 20 ಮೀಟರ್ ಏರು. ಎಣಿಸಲು ಅನುಕೂಲವಾಗಲೆಂದು ಪ್ರತಿ ಐದನೆಯ ಗೆರೆಯನ್ನು ದಪ್ಪಗೆ ಎಳೆದಿರುತ್ತಾರೆ.

ಈಗ ಎರಡನ್ನೂ ಕೂಡಿಸಿ ನೋಡಿ. ದಾರಿ ಒಂದು ಸೆಂಟಿಮೀಟರ್ ಸಾಗುವಷ್ಟರಲ್ಲಿ ಐದು ಗೆರೆ ದಾಟಿದರೆ 500 ಮೀಟರಿಗೆ 100 ಮೀಟರ್ ಏರು. ಏದುಸಿರು ಬಂದರೂ ಹತ್ತಬಹುದು. ಅಷ್ಟೇ ಜಾಗದಲ್ಲಿ ಹತ್ತು ಗೆರೆ ಇದ್ದರೆ ಏರು ಇಮ್ಮಡಿ. ಮಾತು ನಿಲ್ಲುವುದು ಅಲ್ಲಿಯೇ. ಗೆರೆಗಳು ‘V’ ಆಕಾರದಲ್ಲಿ ಎತ್ತರದ ಕಡೆಗೆ ಮೂತಿ ಚಾಚಿದ್ದರೆ ಅದು ಹಳ್ಳದ ಕಣಿವೆ. ತಗ್ಗಿನ ಕಡೆಗೆ ಚಾಚಿದ್ದರೆ ಬೆಟ್ಟದ ಏಣು.

ದೂರ ಅಳೆಯಲು ನೂಲು ಸಾಕು. ದಾರಿಯ ಅಂಕುಡೊಂಕಿನ ಮೇಲೆ ಹಾಸಿ, ಆಮೇಲೆ ನೆಟ್ಟಗೆಳೆದು ಅಳತೆಪಟ್ಟಿಗೆ ಹಿಡಿಯಿರಿ. ಸಿಗುವ ಉತ್ತರ ಯಾವಾಗಲೂ ತುಸು ಕಡಿಮೆಯೇ, ಏಕೆಂದರೆ ಸಣ್ಣಪುಟ್ಟ ತಿರುವುಗಳಿಗೆ ಈ ಸ್ಕೇಲಿನಲ್ಲಿ ಜಾಗವಿಲ್ಲ. ಏರಿನಿಂದಾಗಿ ದೂರ ಹೆಚ್ಚುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜ, ಆದರೆ ಅದು ಅಲ್ಪ. 13 ಕಿ.ಮೀ. ಅಡ್ಡ ದೂರದಲ್ಲಿ 1,600 ಮೀಟರ್ ಒಂದೇ ಸಮ ಏರಿದರೂ ಹೆಚ್ಚುವರಿ ನಡಿಗೆ ಸುಮಾರು 100 ಮೀಟರ್ ಮಾತ್ರ. ಏರು ತಿನ್ನುವುದು ದೂರವನ್ನಲ್ಲ, ಹೊತ್ತನ್ನು.

ಆ ಹೊತ್ತಿಗೂ ಒಂದು ಲೆಕ್ಕವಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರವನ್ನು ಇಂದಿನ ಅಳತೆಗೆ ತಂದರೆ, ಐದು ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಇರುವುದು ಸಮುದ್ರಮಟ್ಟದಿಂದ ನೂರು ಮೀಟರಿಗೆ ತುಸು ಮೇಲೆ, ಕುಮಾರ ಪರ್ವತ 1,712 ಮೀಟರ್. 13 ಕಿ.ಮೀ.ಗೆ ಎರಡೂವರೆ ಗಂಟೆ, ಏರಿಗೆ ಇನ್ನೂ ಎರಡೂವರೆ ಗಂಟೆಗಿಂತ ಹೆಚ್ಚು. ಒಟ್ಟು ಐದೂಕಾಲು ಗಂಟೆ. ಅದೂ ಗಟ್ಟಿ ಕಾಲಿನವರಿಗೆ, ಎಲ್ಲೂ ಕೂರದೆ ನಡೆದರೆ. ಬೆನ್ನಿಗೆ ಟೆಂಟು, ನೀರು ಹೊತ್ತವರು ಏಳೆಂಟು ಗಂಟೆ ಎಂದುಕೊಳ್ಳುವುದೇ ಲೇಸು.

ಗೆರೆಗಳು ಹೇಳದೆ ಬಿಡುವ ಸಂಗತಿಯೂ ಇದೆ. ಶೇಷ ಪರ್ವತ ಏರಿದ ಮೇಲೆ ದಾರಿ ಕಾಡಿಗೆ ಇಳಿದು, ಬಂಡೆಯ ಮೇಲೆ ಮತ್ತೆ ಹತ್ತುತ್ತದೆ. ತುದಿಯ ಎತ್ತರದಿಂದ ಬುಡದ ಎತ್ತರ ಕಳೆದವರ ಲೆಕ್ಕದಲ್ಲಿ ಈ ಇಳಿತ ಸೇರುವುದೇ ಇಲ್ಲ. ದಾರಿಯುದ್ದಕ್ಕೂ ಗೆರೆ ಎಣಿಸಿದವರಿಗಷ್ಟೇ ಅದು ಸಿಗುತ್ತದೆ. ಎರಡು ಗೆರೆಗಳ ನಡುವೆಯೇ ಅಡಗಿದ ಹದಿನೈದು ಮೀಟರಿನ ಬಂಡೆ ಮಾತ್ರ ಎಷ್ಟು ಎಣಿಸಿದರೂ ಕಾಣದು.

ಒಮ್ಮೆ ನಾನೇ ಬೇಸ್ತುಬಿದ್ದಿದ್ದೇನೆ. ಎ3 ಹಾಳೆಯ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಎ4ಗೆ ಕುಗ್ಗಿಸಿದ್ದೆ. ಮೂಲೆಯಲ್ಲಿ 1:50,000 ಎಂದು ಹಾಗೆಯೇ ಅಚ್ಚಾಗಿತ್ತು, ಆದರೆ ಎರಡು ಸೆಂಟಿಮೀಟರ್ ಇದ್ದದ್ದು 1.4ಕ್ಕೆ ಇಳಿದಿತ್ತು. ನನ್ನ ಲೆಕ್ಕದ ಏಳು ಕಿ.ಮೀ. ನೆಲದ ಮೇಲೆ ಹತ್ತಾಯಿತು. ಕೊನೆಯ ಮೂರು ಕಿ.ಮೀ. ಟಾರ್ಚಿನ ಬೆಳಕಿನಲ್ಲಿ. ನಕ್ಷೆಯ ಅಡಿಯಲ್ಲಿ ಕಿಲೋಮೀಟರುಗಳ ಗುರುತು ಹಾಕಿದ ಒಂದು ಪಟ್ಟಿ ಇರುತ್ತದೆ. ನಕ್ಷೆ ಕುಗ್ಗಿದರೆ ಅದೂ ಅಷ್ಟೇ ಕುಗ್ಗುತ್ತದೆ, ಹಿಗ್ಗಿದರೆ ಹಿಗ್ಗುತ್ತದೆ. ನೂಲನ್ನು ಅಳತೆಪಟ್ಟಿಗೆ ಹಿಡಿಯುವ ಬದಲು ಆ ಪಟ್ಟಿಗೇ ಹಿಡಿಯಿರಿ.