ಲೆಕ್ಕ ಒಪ್ಪಿಸಿ ಇಳಿಯುವ ಪತ್ರ

ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳಲ್ಲಿ ರಾಜೀನಾಮೆ ಎರಡು ಬಗೆಯದು. ಒಂದು, ಸಭೆಯಲ್ಲಿ ಮಾತು ಬಿಸಿಯಾದಾಗ ಬಾಯಲ್ಲಿ ಕೊಡುವುದು. "ಹಾಗಾದ್ರೆ ನೀವೇ ನೋಡ್ಕೊಳ್ಳಿ, ನಾನು ರಾಜೀನಾಮೆ ಕೊಡ್ತೀನಿ" ಎಂದು ಒಬ್ಬರು ಏಳುತ್ತಾರೆ. "ಇರಿ ಸಾರ್, ಕೂತ್ಕೊಳ್ಳಿ, ನೀವಿಲ್ಲದೆ ಆಗುತ್ತಾ?" ಎಂದು ಇನ್ನಿಬ್ಬರು ಕೈ ಹಿಡಿದು ಕೂರಿಸುತ್ತಾರೆ. ಅಷ್ಟರಲ್ಲಿ ಕಾಫಿ ಬರುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು, ನಿಜವಾಗಿಯೂ ಬರೆದು ಕೊಡುವುದು. ಮೊದಲನೆಯದು ಎಲ್ಲರಿಗೂ ಬರುತ್ತದೆ. ಎರಡನೆಯದನ್ನು ನೆಟ್ಟಗೆ ಬರೆದವರು ಕಡಿಮೆ.

ಎಲ್ಲಕ್ಕಿಂತ ಕಷ್ಟದ ರಾಜೀನಾಮೆ ಖಜಾಂಚಿಯದು. ಸಾಂಸ್ಕೃತಿಕ ಕಾರ್ಯದರ್ಶಿ ಬಿಟ್ಟರೆ ಗಣೇಶೋತ್ಸವದ ಆರ್ಕೆಸ್ಟ್ರಾ ಯಾರು ಗೊತ್ತು ಮಾಡುತ್ತಾರೆ ಎಂದಷ್ಟೇ ಜನ ಕೇಳುತ್ತಾರೆ. ಖಜಾಂಚಿ ಅವಧಿಯ ನಡುವೆ ಬಿಟ್ಟರೆ ಪಾರ್ಕಿನ ಬೆಂಚಿನ ಮೇಲೆ ಬೇರೆಯೇ ಪ್ರಶ್ನೆ ಹುಟ್ಟುತ್ತದೆ: "ಲೆಕ್ಕದಲ್ಲಿ ಏನೋ ಇದೆಯಂತೆ." ಏನೂ ಇಲ್ಲದಿದ್ದರೂ ಹುಟ್ಟುತ್ತದೆ. ಆದ್ದರಿಂದ ಖಜಾಂಚಿ ಸದಸ್ಯರಿಗೆ ಬರೆಯುವ ಪತ್ರದಲ್ಲಿ ಕೃತಜ್ಞತೆಗಿಂತ ಮೊದಲು ಇರಬೇಕಾದದ್ದು ಶಿಲ್ಕು.

ಪತ್ರ ಯಾರಿಗೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ನಮ್ಮ ಹೆಚ್ಚಿನ ಬಡಾವಣೆ ಸಂಘಗಳು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಾಯಿತವಾದವು. ಪದಾಧಿಕಾರಿ ಯಾರಿಗೆ ರಾಜೀನಾಮೆ ಕೊಡಬೇಕು, ಅದನ್ನು ಯಾರು ಅಂಗೀಕರಿಸಬೇಕು, ತೆರವಾದ ಸ್ಥಾನವನ್ನು ಹೇಗೆ ತುಂಬಬೇಕು ಎಂಬುದು ಆಯಾ ಸಂಘದ ಬೈಲಾದಲ್ಲಿರುತ್ತದೆ. ಸಾಮಾನ್ಯವಾಗಿ ಅಧ್ಯಕ್ಷರಿಗೆ ಬರೆದು ಕೊಡಬೇಕು, ಸಮಿತಿ ಅಂಗೀಕರಿಸಬೇಕು, ಮುಂದಿನ ಸರ್ವಸದಸ್ಯರ ಸಭೆಯವರೆಗೆ ಸಮಿತಿಯೇ ಒಬ್ಬರನ್ನು ನೇಮಿಸಿಕೊಳ್ಳಬಹುದು ಎಂದಿರುತ್ತದೆ. ಹಾಗಾಗಿ ಬರೆಯಬೇಕಾದದ್ದು ಎರಡು ಪತ್ರ. ಅಧ್ಯಕ್ಷರಿಗೆ ಮೂರು ಸಾಲಿನದು; ಅದಕ್ಕೆ ಸ್ವೀಕೃತಿ ಸಹಿ ಹಾಕಿಸಿಕೊಂಡು ನಕಲು ಇಟ್ಟುಕೊಳ್ಳಬೇಕು. ಸಮಿತಿ ಒಪ್ಪಿದ ಮೇಲೆ ಸದಸ್ಯರೆಲ್ಲರಿಗೂ ಒಂದು. ಈ ಕ್ರಮ ತಿರುಗಿಸಿ, ರಾತ್ರಿ ಹನ್ನೊಂದಕ್ಕೆ ವಾಟ್ಸ್ಆಪ್ ಗುಂಪಿನಲ್ಲಿ ರಾಜೀನಾಮೆ ಹಾಕಿ ಮರುಕ್ಷಣವೇ ಗುಂಪಿನಿಂದ ಹೊರಹೋದರೆ, ಅಧ್ಯಕ್ಷರಿಗೆ ಸುದ್ದಿ ಮುಟ್ಟುವುದು ಪಕ್ಕದ ಬೀದಿಯವರಿಂದ.

ದಿನಾಂಕದ ಮಾತು ಸಣ್ಣದಲ್ಲ. ಇದರ ಮೇಲೆ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಸಿದ್ಧ ಪ್ರಕರಣವೊಂದಿದೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರ 1977ರ ಮೇ 7ರಂದು ರಾಷ್ಟ್ರಪತಿಗಳಿಗೆ ರಾಜೀನಾಮೆ ಬರೆದರು. ಅದು ಆಗಸ್ಟ್ 1ರಿಂದ ಜಾರಿಗೆ ಬರಬೇಕೆಂದು ಪತ್ರದಲ್ಲೇ ಇತ್ತು. ಜುಲೈಯಲ್ಲಿ ಮನಸ್ಸು ಬದಲಿಸಿ ಪತ್ರ ಹಿಂತೆಗೆದುಕೊಂಡರು. ಹಾಗೆ ಮಾಡಲು ಬರುತ್ತದೆಯೇ ಎಂಬ ಪ್ರಶ್ನೆಗೆ 1978ರಲ್ಲಿ ಸುಪ್ರೀಂ ಕೋರ್ಟ್, ಹೇಳಿದ ದಿನಾಂಕ ಬರುವವರೆಗೆ ಹಿಂತೆಗೆದುಕೊಳ್ಳಬಹುದು ಎಂದಿತು. ನ್ಯಾಯಾಧೀಶರ ಹುದ್ದೆ ಸಂವಿಧಾನದ್ದು, ಬಡಾವಣೆಯ ಖಜಾಂಚಿಯದು ಬೈಲಾದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಇದರಿಂದ ತಿಳಿಯುವುದು ಇಷ್ಟು: ಮುಂದಿನ ದಿನಾಂಕ ಹಾಕಿದ ಪತ್ರಕ್ಕೂ ಆ ದಿನಕ್ಕೂ ನಡುವೆ ಒಂದು ಸಂದು ಉಳಿಯುತ್ತದೆ, ಅಲ್ಲಿ ಎಲ್ಲರ ಒತ್ತಾಯ ನುಗ್ಗುತ್ತದೆ. ನಿಜವಾಗಿ ಬಿಡುವ ಮನಸ್ಸಿದ್ದವರು ಒಂದು ದಿನ ಗೊತ್ತುಮಾಡಿ, ಅಂದಿನೊಳಗೆ ಹಸ್ತಾಂತರದ ಕೆಲಸ ಹಚ್ಚಿಕೊಳ್ಳಬೇಕು. "ಬೇರೆ ವ್ಯವಸ್ಥೆ ಆಗುವವರೆಗೆ ಮುಂದುವರಿಯುತ್ತೇನೆ" ಎಂದು ಬರೆದುಕೊಟ್ಟವರಿಗೆ ಬೇರೆ ವ್ಯವಸ್ಥೆ ಎಂದಿಗೂ ಆಗುವುದಿಲ್ಲ.

ಈಗ ಒಂದು ಉದಾಹರಣೆ ಕಟ್ಟಿ ನೋಡೋಣ. ನೂರಿಪ್ಪತ್ತು ಮನೆಗಳ ಬಡಾವಣೆ, ಮನೆಗೆ ತಿಂಗಳಿಗೆ 500 ರೂಪಾಯಿ ಮೇಂಟೆನೆನ್ಸ್. ಅದರಲ್ಲೇ ಇಬ್ಬರು ಕಾವಲುಗಾರರು, ಪಾರ್ಕಿನ ಮಾಲಿ, ಬೋರ್‌ವೆಲ್ ಎಲ್ಲವೂ ನಡೆಯಬೇಕು. ಸೆಪ್ಟೆಂಬರ್ ಕೊನೆಗೆ ಬಿಡುವ ಖಜಾಂಚಿ ಸೆಪ್ಟೆಂಬರ್ ಮೊದಲ ವಾರ ಸದಸ್ಯರಿಗೆ ಹೀಗೆ ಬರೆಯಬಹುದು:

"ಆತ್ಮೀಯ ಸದಸ್ಯರೇ,

ಕಳೆದ ವರ್ಷದ ಸರ್ವಸದಸ್ಯರ ಸಭೆಯಲ್ಲಿ ನೀವು ವಹಿಸಿದ್ದ ಖಜಾಂಚಿ ಹುದ್ದೆಯನ್ನು ಇದೇ ಸೆಪ್ಟೆಂಬರ್ 30ರಂದು ಬಿಟ್ಟುಕೊಡುತ್ತಿದ್ದೇನೆ. ಆಗಸ್ಟ್ 25ರಂದು ಅಧ್ಯಕ್ಷರಿಗೆ ಕೊಟ್ಟ ರಾಜೀನಾಮೆಯನ್ನು ಸೆಪ್ಟೆಂಬರ್ 1ರ ಸಮಿತಿ ಸಭೆ ಅಂಗೀಕರಿಸಿದೆ. ತಾಯಿಯವರ ಆರೈಕೆಗೆ ತಿಂಗಳಲ್ಲಿ ಹೆಚ್ಚು ದಿನ ಊರಿನಲ್ಲಿ ಇರಬೇಕಾಗಿ ಬಂದಿದ್ದು, ಲೆಕ್ಕದ ಕೆಲಸಕ್ಕೆ ಬೇಕಾದಷ್ಟು ಸಮಯ ಸಿಗುತ್ತಿಲ್ಲ. ಸಮಿತಿಯಲ್ಲೂ ಇರುವುದಿಲ್ಲ, ಸಂಘದ ಸದಸ್ಯನಾಗಿ ಮುಂದುವರಿಯುತ್ತೇನೆ.

ಆಗಸ್ಟ್ 31ಕ್ಕೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವ ಮೊತ್ತ 2,33,100 ರೂಪಾಯಿ. ಬೋರ್‌ವೆಲ್ ಮೋಟರ್ ರಿವೈಂಡಿಂಗ್‌ಗೆ ಕೊಟ್ಟ 18,500 ರೂಪಾಯಿ ಚೆಕ್ ಇನ್ನೂ ಪಾಸಾಗಿಲ್ಲ. ಅದನ್ನು ಕಳೆದರೆ ನಮ್ಮ ಪುಸ್ತಕದ ಶಿಲ್ಕು 2,14,600. ಎಫ್‌ಡಿ 5 ಲಕ್ಷ, ಫೆಬ್ರವರಿಯಲ್ಲಿ ಅವಧಿ ಮುಗಿಯುತ್ತದೆ. ಕೈಯಲ್ಲಿರುವ ನಗದು 3,250. ಮನೆಗಳಿಂದ ಬರಬೇಕಾದ ಬಾಕಿ 38,000. ಪಾರ್ಕಿನ ದೀಪಗಳ 45,000 ರೂಪಾಯಿ ಕೆಲಸಕ್ಕೆ 10,000 ಮುಂಗಡ ಕೊಟ್ಟಿದೆ, ಕೆಲಸ ಬಾಕಿ ಇದೆ.

ಸೆಪ್ಟೆಂಬರ್ 30ರ ಅಂತಿಮ ಲೆಕ್ಕವನ್ನು ಸಮಿತಿ ಗೊತ್ತುಮಾಡಿದ ಇಬ್ಬರು ಸದಸ್ಯರು ಪರಿಶೀಲಿಸಿ ಸಹಿ ಹಾಕಲಿದ್ದಾರೆ. ಅಕ್ಟೋಬರ್ 1ರಿಂದ ಹಣ ಕಟ್ಟುವುದು, ರಸೀದಿ ಎಲ್ಲಕ್ಕೂ ಹೊಸ ಖಜಾಂಚಿಯವರನ್ನು ಸಂಪರ್ಕಿಸಿ. ಇಷ್ಟು ದಿನ ತಾಳ್ಮೆಯಿಂದ ಸಹಕರಿಸಿದ್ದಕ್ಕೆ ವಂದನೆಗಳು.

ಇಂತಿ ನಿಮ್ಮ..."

ಪತ್ರದ ಜೀವ ಇರುವುದು ಆ 18,500ರ ಸಾಲಿನಲ್ಲಿ. ಪಾಸ್‌ಬುಕ್ಕಿನ ಮೊತ್ತವೂ ನಗದು ಪುಸ್ತಕದ ಶಿಲ್ಕೂ ಯಾವುದೇ ಒಂದು ದಿನ ತಾಳೆಯಾಗದಿರುವುದು ಮಾಮೂಲು. ಕೊಟ್ಟ ಚೆಕ್ಕನ್ನು ಮೋಟರ್ ಅಂಗಡಿಯವರು ಹದಿನೈದು ದಿನ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿರುತ್ತಾರೆ. ಲೆಕ್ಕ ಬಲ್ಲವರಿಗೆ ಇದು ವ್ಯತ್ಯಾಸವೇ ಅಲ್ಲ. ಆದರೆ ಖಜಾಂಚಿ ಹೋದ ಮೇಲೆ ಅಕ್ಟೋಬರಿನಲ್ಲಿ ಆ ಚೆಕ್ ಪಾಸಾಗಿ, ಹಳೆಯ ಸಹಿಯ ಮೇಲೆ 18,500 ಖಾತೆಯಿಂದ ಹೋದದ್ದು ಯಾರದಾದರೂ ಕಣ್ಣಿಗೆ ಬಿದ್ದರೆ? "ಬಿಟ್ಟು ಹೋದ ಮೇಲೂ ದುಡ್ಡು ತೆಗೆದಿದ್ದಾರೆ" ಎನ್ನಲು ಅಷ್ಟು ಸಾಕು. ಪತ್ರದಲ್ಲಿ ಮೊದಲೇ ಒಂದು ಸಾಲು ಬಿದ್ದಿದ್ದರೆ ಆ ಮಾತಿಗೆ ಜಾಗವೇ ಇರುವುದಿಲ್ಲ. ಬಾಕಿ 38,000 ಎಂದಷ್ಟೇ ಬರೆದು ಮನೆ ನಂಬರುಗಳನ್ನು ಬಿಟ್ಟದ್ದು ಕೂಡ ಬೇಕೆಂದೇ. ಆ ಪಟ್ಟಿ ಸಮಿತಿಯ ಕೈಗೆ ಹೋಗಬೇಕು. ಎಲ್ಲರಿಗೂ ಹೋಗುವ ಪತ್ರದಲ್ಲಿ ಹಾಕಿದರೆ ಬಾಕಿ ವಸೂಲಾಗುವುದಿಲ್ಲ, ಹೊಸ ಖಜಾಂಚಿಗೆ ಮೊದಲ ದಿನವೇ ಹನ್ನೊಂದು ಮನೆಯ ಜಗಳ ಸಿಗುತ್ತದೆ.

ಕಾರಣದ ಸಾಲಿನ ಬಗ್ಗೆ ಒಂದು ಮಾತು. "ವೈಯಕ್ತಿಕ ಕಾರಣಗಳಿಂದ" ಎಂಬುದು ಬರೆಯಲು ಸುಲಭ, ಆದರೆ ಅದನ್ನು ಓದಿದವರೆಲ್ಲ ತಮಗೆ ತೋಚಿದ ಕಾರಣ ತುಂಬಿಕೊಳ್ಳುತ್ತಾರೆ. ನಿಜವಾದ ಒಂದು ಕಾರಣ, ಒಂದೇ ವಾಕ್ಯ ಸಾಕು. ನಿಜವಾದ ಕಾರಣ ಕಾರ್ಯದರ್ಶಿಯೊಂದಿಗಿನ ಜಟಾಪಟಿಯೇ ಆಗಿದ್ದರೆ? ಆಗ ನನ್ನ ಅಭಿಪ್ರಾಯ ಹೀಗೆ: ಅದು ಹಣಕ್ಕೆ ಸಂಬಂಧಿಸಿದ್ದಾದರೆ, ಉದಾಹರಣೆಗೆ ಓಚರ್ ಇಲ್ಲದೆ ಖರ್ಚು ಒಪ್ಪಲು ಒತ್ತಡವಿದ್ದರೆ, ಅದನ್ನು ಸಮಿತಿಗೆ ಬೇರೆ ಪತ್ರದಲ್ಲಿ ದಿನಾಂಕ, ಮೊತ್ತದ ಸಹಿತ ಬರೆದು ನಡಾವಳಿಯಲ್ಲಿ ದಾಖಲಿಸಲು ಕೇಳಬೇಕು. ಮುಚ್ಚಿಟ್ಟು ನಗುನಗುತ್ತ ಇಳಿಯುವುದು ಸೌಜನ್ಯವಲ್ಲ. ಬರೀ ಸ್ವಭಾವದ ಜಗಳವಾದರೆ ಸದಸ್ಯರ ಪತ್ರದಲ್ಲಿ ಅದಕ್ಕೆ ಒಂದು ಪದವೂ ಬೇಡ. ಸದಸ್ಯರು ಅದನ್ನು ಹೇಗೂ ಬಲ್ಲರು.

"ಸಮಿತಿಯಲ್ಲೂ ಇರುವುದಿಲ್ಲ, ಸದಸ್ಯನಾಗಿ ಮುಂದುವರಿಯುತ್ತೇನೆ" ಎಂಬುದನ್ನು ಹಲವರು ಬಿಡುತ್ತಾರೆ. ಹುದ್ದೆ, ಸಮಿತಿಯ ಸ್ಥಾನ, ಸಂಘದ ಸದಸ್ಯತ್ವ ಮೂರೂ ಬೇರೆ. ಬರೀ "ರಾಜೀನಾಮೆ ಕೊಟ್ಟಿದ್ದೇನೆ" ಎಂದರೆ ಮುಂದಿನ ಸಮಿತಿ ಸಭೆಗೆ ಇವರಿಗೆ ನೋಟಿಸ್ ಕಳಿಸಬೇಕೋ ಬೇಡವೋ, ಕೋರಂ ಲೆಕ್ಕಕ್ಕೆ ಇವರನ್ನು ಸೇರಿಸಬೇಕೋ ಬೇಡವೋ ಕಾರ್ಯದರ್ಶಿಗೆ ತಿಳಿಯದು.

ಇಷ್ಟೆಲ್ಲ ಬರೆದು, ಶಾಲು, ಹಾರ, ಹಣ್ಣಿನ ಬುಟ್ಟಿ ಪಡೆದು ಇಳಿದವರೂ ಬ್ಯಾಂಕಿನಲ್ಲಿ ಮಾತ್ರ ಖಜಾಂಚಿಯಾಗಿಯೇ ಉಳಿದಿರುವುದುಂಟು. ಸಂಘದ ಖಾತೆಗೆ ಸಾಮಾನ್ಯವಾಗಿ ಇಬ್ಬರ ಜಂಟಿ ಸಹಿ ಬೇಕು. ಸಹಿದಾರರನ್ನು ಬದಲಿಸಲು ಬ್ಯಾಂಕು ಸಮಿತಿಯ ನಿರ್ಣಯದ ಪ್ರತಿ, ಹೊಸಬರ ಪ್ಯಾನ್, ಆಧಾರ್, ಫೋಟೋ, ಮಾದರಿ ಸಹಿ ಕೇಳುತ್ತದೆ; ಎರಡು ಮೂರು ಸಲ ಓಡಾಡಿಸುವುದೂ ಇದೆ. ಅಷ್ಟರವರೆಗೆ ಕಾವಲುಗಾರರ ಸಂಬಳ ನಿಲ್ಲಬಾರದಲ್ಲ ಎಂದು ಒಳ್ಳೆಯ ಮನಸ್ಸಿನ ಖಜಾಂಚಿಗಳು ಒಂದು ಅಪಾಯದ ಕೆಲಸ ಮಾಡುತ್ತಾರೆ: ಐದಾರು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟು ಹೋಗುತ್ತಾರೆ. ಅದನ್ನು ಎಂದೂ ಮಾಡಬಾರದು. ಬದಲಿಗೆ ಪತ್ರ ಬರೆದ ದಿನದಿಂದ ಬಿಡುವ ದಿನದವರೆಗೆ ಸಿಗುವ ಮೂರು ನಾಲ್ಕು ವಾರದಲ್ಲೇ ಸಹಿ ಬದಲಾವಣೆ ಮುಗಿಸಬೇಕು. ಅಷ್ಟರೊಳಗೆ ಆಗದಿದ್ದರೆ, ಹೆಸರು ಮೊತ್ತ ತುಂಬಿದ, ಓಚರ್ ಜೊತೆಗಿರುವ ಚೆಕ್ಕಿಗೆ ಮಾತ್ರ ಸಹಿ ಹಾಕುತ್ತೇನೆಂದು ಸಮಿತಿಗೆ ಬರೆದು ತಿಳಿಸಬೇಕು.

ಮೊಬೈಲ್ ನಂಬರಿನದು ಇನ್ನೊಂದು ಕಥೆ. ಖಾತೆಯ ಒಟಿಪಿ, ಸಂಘದ ಪ್ಯಾನ್‌ಗೆ ಸೇರಿಸಿದ ಆದಾಯ ತೆರಿಗೆ ಪೋರ್ಟಲ್, ಬೆಸ್ಕಾಂ ಬಿಲ್ಲು ಎಲ್ಲವೂ ಹಳೆಯ ಖಜಾಂಚಿಯ ಫೋನಿಗೇ ಬರುತ್ತಿರುತ್ತವೆ. ವರ್ಷ ಕಳೆದ ಮೇಲೂ "ಸಾರ್, ಒಂದು ಒಟಿಪಿ ಬಂದಿರತ್ತೆ, ಹೇಳಿ" ಎಂದು ಫೋನು ಬಂದರೆ ಅವರು ಇನ್ನೂ ಇಳಿದಿಲ್ಲವೆಂದೇ ಅರ್ಥ. ಹಸ್ತಾಂತರದ ಪಟ್ಟಿಯಲ್ಲಿ ಚೆಕ್ ಪುಸ್ತಕ, ಬಳಸದ ರಸೀದಿ ಪುಸ್ತಕಗಳ ನಂಬರು, ಎಫ್‌ಡಿ ರಸೀದಿ, ಓಚರ್ ಫೈಲುಗಳ ಜೊತೆಗೆ ಯಾವ ಯಾವ ಕಡೆ ಯಾರ ನಂಬರು ನೋಂದಣಿಯಾಗಿದೆ ಎಂಬ ಸಾಲೂ ಇರಬೇಕು. ಕೊಟ್ಟವರು, ಪಡೆದವರು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು.

ಹಳಬರು ತಮ್ಮ ಪ್ರತಿಯನ್ನು ಬೇಗ ಎಸೆಯದಿರುವುದು ಒಳ್ಳೆಯದು. ಮಾರ್ಚ್‌ಗೆ ಮುಗಿಯುವ ವರ್ಷದ ಆಡಿಟ್ ಅವರ ಆರು ತಿಂಗಳನ್ನೂ ಒಳಗೊಳ್ಳುತ್ತದೆ. ಆಮೇಲೆ ವಾರ್ಷಿಕ ಸಭೆ. ಅದು ನಡೆದ 14 ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿ ಸಂಘಗಳ ರಿಜಿಸ್ಟ್ರಾರರಿಗೆ ಹೋಗಬೇಕು. ಪಟ್ಟಿ ಸಲ್ಲಿಸುವುದು ಕಾರ್ಯದರ್ಶಿಯ ಕೆಲಸ. ಆದರೆ ಹಳೆಯ ಪಟ್ಟಿಯನ್ನೇ ನಕಲು ಮಾಡಿ ಕಳಿಸಿಬಿಡುವ ಕಾರ್ಯದರ್ಶಿಗಳೂ ಇದ್ದಾರೆ. ಖಜಾಂಚಿ ಎಂಬಲ್ಲಿ ಈಗ ಯಾರ ಹೆಸರಿದೆ ಎಂದು ಆ ವಾರ ಒಂದು ಫೋನು ಮಾಡಿ ಕೇಳಿಕೊಳ್ಳಬಹುದು.